ಆ ನಾಯಿ ಸಿಕ್ಕಿ ಮೂರು ವಾರ ಆಯ್ತು ಚಿಕ್ಕಮ್ಮ!

ಈಗಷ್ಟೇ ಶಿವಮೊಗ್ಗದ ಚಿಕ್ಕಮ್ಮ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. "ಪಾಪ ನೋಡೋ, ನಿಮ್ಮ ಮೈಸೂರಿನದೇ ನಾಯಿಯಂತೆ, ನಿನ್ನೆ ಕಳೆದುಹೋಗಿದೆ." ಆ ನಾಯಿ ನಮ್ಮ ಪಕ್ಕದ ಮನೆಯದು. ದೀಪಾವಳಿ ಪಟಾಕಿಗೆ ಹೆದರಿ ಓಡಿಹೋಗಿದ್ದು ನಿಜ. ಸಿಕ್ಕಿ ಮೂರು ವಾರ ಆಯ್ತು. ಈ ಕ್ಷಣ ನಮ್ಮ ಗೇಟಿನ ಮುಂದೆ ಕಾಲು ಚಾಚಿ ಮಲಗಿದೆ.

ತಪ್ಪು ಚಿಕ್ಕಮ್ಮನದಲ್ಲ. ಪಕ್ಕದ ಮನೆ ಮೇಡಂ ಮೊದಲು ಬರೆದ ಮೆಸೇಜ್ ಹೀಗಿತ್ತು:

"ಮೈಸೂರಿನ ನಮ್ಮ ಮನೆಯ ಬೆಳಕು, ನಮ್ಮ ಚಿನ್ನು ಬಂಗಾರಿ ನಿನ್ನೆಯಿಂದ ಕಾಣ್ತಿಲ್ಲ. ಮಳೆಯಲ್ಲಿ ನೆನೆಯುತ್ತಾ ಸಿಕ್ಕ ಮರಿ ಅದು. ರಾಗಿ ಮುದ್ದೆ ಅಂದ್ರೆ ಪ್ರಾಣ. ಅವಳಿಲ್ಲದೆ ಅತ್ತೆ ಊಟ ಬಿಟ್ಟಿದ್ದಾರೆ. ನೋಡಿದವರು ದಯವಿಟ್ಟು ಇನ್‌ಬಾಕ್ಸ್ ಮಾಡಿ..."

ಇನ್ನೂ ಹತ್ತು ಸಾಲಿದೆ, ಬಿಡಿ. ಜೊತೆಗೆ ಒಂದು ಫೋಟೋ: ಸ್ವೆಟರ್ ಹಾಕಿಕೊಂಡು ಸೋಫಾ ಮೇಲೆ ಮುದುರಿ ಮಲಗಿರುವ ಏನೋ ಒಂದು. ನಾಯಿಯೋ ದಿಂಬೋ ಗೊತ್ತಾಗುವುದಿಲ್ಲ.

"ನಿನ್ನೆ" ಅಂದರೆ ಯಾವ ನಿನ್ನೆ? ಫಾರ್ವರ್ಡ್ ಆಗುವ ಮೆಸೇಜಿನಲ್ಲಿ ನಿನ್ನೆ ಅನ್ನುವುದು ಎಂದೂ ಮುಗಿಯುವುದಿಲ್ಲ. ಮೈಸೂರು ಅಂದರೆ ಎಲ್ಲಿ? ಇನ್‌ಬಾಕ್ಸ್ ಅಂದರೆ ಯಾರ ಇನ್‌ಬಾಕ್ಸ್? ನಾಲ್ಕು ಗ್ರೂಪ್ ದಾಟಿದ ಮೇಲೆ ಬರೆದವರು ಯಾರು ಅಂತಲೇ ಗೊತ್ತಿರುವುದಿಲ್ಲ.

ಆ ರಾತ್ರಿ ಮೇಡಂ ಮುಂದೆ ಕೂತು ಒಂದೊಂದೇ ಕೇಳಿದೆ. ನಾಯಿ ಹೇಗಿದೆ? "ತುಂಬಾ ಮುದ್ದಾಗಿದೆ." ಅದಲ್ಲ, ಬಣ್ಣ? ಎತ್ತರ? ಕೊನೆಗೆ ನೋಡಿದ್ದು ಯಾರು? ಕಾಯಿಪಲ್ಯದ ಗಾಡಿಯವನು ಕೆರೆ ಕಡೆ ಓಡಿದ್ದನ್ನು ನೋಡಿದ್ದನಂತೆ. ಇಷ್ಟು ಮುಖ್ಯವಾದ ವಿಷಯ ಅಷ್ಟೂ ಸಾಲಿನಲ್ಲಿ ಎಲ್ಲೂ ಇರಲಿಲ್ಲ! ಕೊನೆಗೆ ಬರೆದಿದ್ದು ಇದು:

"ನಾಯಿ ಕಾಣೆಯಾಗಿದೆ: ಮೈಸೂರು, ಸರಸ್ವತಿಪುರಂ. ಅಕ್ಟೋಬರ್ 20, 2025, ಸೋಮವಾರ ರಾತ್ರಿ 8.30ಕ್ಕೆ ಅಗ್ನಿಶಾಮಕ ಠಾಣೆ ಹತ್ತಿರದಿಂದ ಕುಕ್ಕರಹಳ್ಳಿ ಕೆರೆ ಕಡೆ ಓಡಿದೆ. ಹೆಣ್ಣು ನಾಡು ನಾಯಿ, ಮೊಣಕಾಲೆತ್ತರ, ಕಂದು ಬಣ್ಣ, ಮುಂದಿನ ಎರಡೂ ಪಾದ ಬಿಳಿ, ಎಡಗಿವಿ ತುದಿ ಕತ್ತರಿಸಿದೆ, ಕೆಂಪು ಪಟ್ಟಿ ಇದೆ. ಹೆಸರು ಚಿನ್ನು. ಹೆದರಿದೆ, ಅಟ್ಟಿಸಿಕೊಂಡು ಹೋಗಬೇಡಿ. ಫೋಟೋ ತೆಗೆದು ಫೋನ್ ಮಾಡಿ: 98××× ×××××."

ಫೋಟೋ ಬದಲಾಯಿಸಿದೆವು. ನಿಂತಿರುವ, ಪಕ್ಕದಿಂದ ತೆಗೆದ, ಪಾದ ಕಾಣುವ ಒಂದೇ ಫೋಟೋ. ಅದರ ಮೇಲೆಯೇ ದಿನಾಂಕ, ಏರಿಯಾ, ನಂಬರ್ ಬರೆದೆವು. ಜನ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದಾಗ ಕೆಳಗಿನ ಬರಹ ಉದುರಿಹೋಗುತ್ತದೆ. ನಂಬರನ್ನು ಮೆಸೇಜಿನಲ್ಲೂ ಟೈಪ್ ಮಾಡಿದೆವು, ಒತ್ತಿದರೆ ಕಾಲ್ ಹೋಗಲಿ ಅಂತ. ಇನ್ನೊಂದು ತಮಾಷೆ ಕೇಳಿ. ಫೇಸ್‌ಬುಕ್‌ನಲ್ಲಿ ಅವರ ಪೋಸ್ಟ್ ಸ್ನೇಹಿತರಿಗೆ ಮಾತ್ರ ಕಾಣುವಂತಿತ್ತು. ನಾನು ಶೇರ್ ಮಾಡಿದ್ದು ನನ್ನ ಕಡೆಯ ಯಾರಿಗೂ ಕಂಡಿರಲಿಲ್ಲ! ಪಬ್ಲಿಕ್ ಮಾಡಿಸಿದೆ.

ಕೆಂಪು ಪಟ್ಟಿ ಬಿದ್ದುಹೋಗಬಹುದು, ಪಾದ ಬಿದ್ದುಹೋಗಲ್ಲ. ಅದಕ್ಕೇ ಮೈಮೇಲಿನ ಗುರುತು ಮೊದಲು. ಆದರೆ ಹೊಟ್ಟೆಯ ಕೆಳಗಿನ ಕರಿ ಮಚ್ಚೆಯನ್ನು ಬೇಕಂತಲೇ ಬರೆಯಲಿಲ್ಲ. ಮಾರನೇ ದಿನವೇ ಒಬ್ಬ ಫೋನ್ ಮಾಡಿದ. "ನಾಯಿ ನನ್ನ ಹತ್ತಿರ ಇದೆ, ಆಟೋ ಖರ್ಚಿಗೆ 800 ರೂಪಾಯಿ ಯುಪಿಐ ಮಾಡಿ." ಹೊಟ್ಟೆ ಕೆಳಗೆ ಏನಿದೆ ನೋಡಿ ಹೇಳಪ್ಪಾ ಅಂದೆ. ಫೋನ್ ಕಟ್.

ಮೂರನೇ ದಿನ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರೊಬ್ಬರು ಫೋಟೋ ಕಳಿಸಿದರು. ಅಟ್ಟಿಸಿಕೊಂಡು ಹೋಗಲಿಲ್ಲ, ದೂರದಲ್ಲೇ ನಿಂತಿದ್ದರು. ಮೇಡಂ ಹೋಗಿ ನೆಲದ ಮೇಲೆ ಕೂತು ಮೆಲ್ಲಗೆ ಕರೆದರು. ಕೈಯಲ್ಲಿ ಮುದ್ದೆ. ಬಂತು. ಮುದ್ದೆ ವಿಷಯ ಉಪಯೋಗಕ್ಕೆ ಬಂದಿದ್ದು ಆಗ, ಪೋಸ್ಟಿನಲ್ಲಲ್ಲ.

"ನೊಂದವರಿಗೆ ಬರವಣಿಗೆ ಪಾಠ ಹೇಳ್ತೀಯಲ್ಲ, ಮನಸ್ಸಿಲ್ವಾ ನಿನಗೆ?" ಅಂತ ಗೆಳೆಯನೊಬ್ಬ ಬೈದ. ಇದೆ ಕಣಯ್ಯಾ. ಅಳುವುದನ್ನೆಲ್ಲ ಕಾಮೆಂಟಿನಲ್ಲಿ ಅಳಲಿ, ನಾನೂ ಜೊತೆಗೆ ಅಳ್ತೀನಿ. ಪೋಸ್ಟ್ ಓದುವವನು ಬಸ್ಸಿನಲ್ಲಿ ನಿಂತಿರುತ್ತಾನೆ. ಅವನ ಕೈಗೆ ಸಿಗುವುದು ಐದು ಸೆಕೆಂಡ್.

ಸರಿ, ಒಪ್ಪಿಕೊಂಡುಬಿಡ್ತೀನಿ. ನಮ್ಮ ಬೆಕ್ಕು ಕಳೆದಾಗ ನಾನು ಒಂದು ಪುಟ ಕವಿತೆ ಬರೆದಿದ್ದೆ. ಇನ್ನೂರು ಲೈಕ್ ಬಂತು. ಹಾಕಿದ್ದು ಅದು ಮರಿಯಾಗಿದ್ದಾಗಿನ ಫೋಟೋ. ಬೆಕ್ಕು ಮೂರು ದಿನ ಹಿಂದಿನ ಮನೆಯ ಶೆಡ್ಡಿನಲ್ಲೇ ಇತ್ತು. ಆ ಮನೆಯವರು ಪೋಸ್ಟ್‌ಗೆ ಲೈಕ್ ಒತ್ತಿ, ಶೆಡ್ಡಿನ ದಪ್ಪ ಬೆಕ್ಕಿಗೆ ಹಾಲಿಟ್ಟು, ಇದು ಯಾರದೋ ಅಂತ ಸುಮ್ಮನಿದ್ದರು.

ಚಿನ್ನು ಸಿಕ್ಕಿದ ದಿನ ಮೇಡಂ ಫೇಸ್‌ಬುಕ್ ಪೋಸ್ಟ್ ಅಳಿಸಲು ಹೊರಟಿದ್ದರು. ತಡೆದೆ. ಅದನ್ನೇ ತಿದ್ದಿ ಮೇಲೆ "ಸಿಕ್ಕಿದೆ" ಅಂತ ಸೇರಿಸಿದರೆ ಶೇರ್ ಮಾಡಿದವರ ಕಡೆಯೂ ಅದೇ ಕಾಣುತ್ತದೆ. ವಾಟ್ಸಾಪ್‌ಗೆ ಆ ಭಾಗ್ಯವಿಲ್ಲ. ಆ ಹಳೇ "ನಿನ್ನೆ" ಇನ್ನೂ ಊರೂರು ಸುತ್ತುತ್ತಿದೆ.

ಚಿಕ್ಕಮ್ಮನಿಗೆ ಗೇಟಿನ ಮುಂದಿನ ಚಿನ್ನು ಫೋಟೋ ಕಳಿಸಿದೆ. ತಕ್ಷಣ ಉತ್ತರ ಬಂತು: "ಅಯ್ಯೋ, ಮೂರು ಗ್ರೂಪಿಗೆ ಹಾಕಿಬಿಟ್ಟೆನಲ್ಲೋ!"