11 ವರ್ಷದ ಹೊಟ್ಟೆನೋವು, ಏಳು 'ನಾರ್ಮಲ್' ಸ್ಕ್ಯಾನುಗಳು

ಹೋದ ಶ್ರಾವಣದಲ್ಲಿ ಊರಿಗೆ ಬಂದಿದ್ದಾಗ ಗದಗಿನಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಕೂತು ಅವಳ ಮಗಳ ಫೈಲು ಬಿಚ್ಚಿದೆ. ಹುಡುಗಿಗೆ 26 ವರ್ಷ, ಹುಬ್ಬಳ್ಳಿಯಲ್ಲಿ ನೌಕರಿ, ದಿನಾ ಅಣ್ಣಿಗೇರಿ ಮೇಲಿನ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಫೈಲಿನಲ್ಲಿ ಐದು ಆಸ್ಪತ್ರೆಗಳ ಚೀಟಿ ಇದ್ದವು. ಗ್ಯಾಸ್ಟ್ರಿಕ್ ಎಂದು ಒಬ್ಬರು, ಉರಿಮೂತ್ರ ಎಂದು ಇನ್ನೊಬ್ಬರು, ಮೂಲವ್ಯಾಧಿಯ ಶುರುವಾತು ಎಂದು ಮತ್ತೊಬ್ಬರು. 18ನೇ ವಯಸ್ಸಿಗೆ ಅಪೆಂಡಿಕ್ಸ್ ತೆಗೆದಿದ್ದರು. ಹೊಟ್ಟೆಯ ಸ್ಕ್ಯಾನ್ ಏಳು, ಏಳರ ಕೊನೆಯಲ್ಲೂ ಒಂದೇ ಮಾತು: ನಾರ್ಮಲ್.

"ಎಲ್ಲಾ ನಾರ್ಮಲ್ ಅದ ಅಂತಾರ ದೊಡ್ಡವ್ವ, ನಂಗ ಮಾತ್ರ ನೋವು. ಅಂದ್ರ ನಾನ ಸುಳ್ಳಾ?" ಅಂದಳು.

ನಾನು 16 ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಕೆಲಸ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದು. ಅಲ್ಲಿ ಸ್ಕ್ಯಾನ್ ಮಾಡಿ ರಿಪೋರ್ಟ್ ಬರೆಯಲು ವೈದ್ಯರೇ ಆಗಬೇಕೆಂದಿಲ್ಲ, ಅದಕ್ಕೇ ತರಬೇತಾದ ನಮ್ಮಂಥವರು ಇರುತ್ತೇವೆ. ಆದ್ದರಿಂದ ಅವಳ ಪ್ರಶ್ನೆ ನನ್ನ ಕೆಲಸದ ಮೇಲೆಯೇ ಬಂದು ಕೂತಿತು. ಎಂಡೊಮೆಟ್ರಿಯೋಸಿಸ್ ಎನ್ನುವ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಗರ್ಭಕೋಶದ ಹಿಂದಿನ ನಾರುಗಳಲ್ಲಿ ಬೆಳೆಯುತ್ತದೆ. ಮುಟ್ಟಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಸಾಮಾನ್ಯವಾದದ್ದು ಹೆಸರು ಹಿಡಿಸಿಕೊಳ್ಳಲು ಇಷ್ಟು ವರ್ಷ ಯಾಕೆ ತೆಗೆದುಕೊಳ್ಳುತ್ತದೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಇದು ನಮ್ಮ ಕಡೆಯ ಹಿಂದುಳಿದತನ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ರೋಗಿಗಳ ಸಂಘಟನೆ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮೊದಲ ಸಲ ವೈದ್ಯರ ಬಳಿ ಹೋದ ದಿನದಿಂದ ರೋಗ ಗೊತ್ತಾಗುವವರೆಗೆ ಸರಾಸರಿ 8 ವರ್ಷ 10 ತಿಂಗಳು. ಅಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ಸ್ತ್ರೀರೋಗ ತಜ್ಞರನ್ನು ನೇರವಾಗಿ ಕಾಣುವ ಹಾಗಿಲ್ಲ. ಮೊದಲು ಬಡಾವಣೆಯ ಜನರಲ್ ಡಾಕ್ಟರು, ಅವರು ಬರೆದುಕೊಟ್ಟ ಮೇಲೆ ತಿಂಗಳುಗಟ್ಟಲೆ ಸರದಿ. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ತಜ್ಞರೂ ಸಿಗುತ್ತಾರೆ, ಸ್ಕ್ಯಾನೂ ಆಗುತ್ತದೆ, ಸಂಜೆಯ ಬಸ್ಸಿಗೆ ರಿಪೋರ್ಟ್ ಕೈಯಲ್ಲಿರುತ್ತದೆ. ಆದರೂ ಇಲ್ಲಿ 11 ವರ್ಷ ಕಳೆದವು. ಇಲ್ಲಿ ಪ್ರತಿ ಆಸ್ಪತ್ರೆಯಲ್ಲೂ ಕಥೆ ಮೊದಲಿಂದ ಶುರು, ಹಿಂದಿನ ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ಓದುವವರಿಲ್ಲ. ಅಲ್ಲಿ ಎಲ್ಲ ಚೀಟಿಯೂ ಒಂದೇ ಕಂಪ್ಯೂಟರಿನಲ್ಲಿದ್ದರೂ ಒಟ್ಟಿಗೆ ಓದಲು ಪುರುಸೊತ್ತಿಲ್ಲ.

ನೋವಿನ ಮಾತಿಗೆ ಬರೋಣ, ಯಾಕೆಂದರೆ ಗುಟ್ಟು ಇರುವುದು ಅಲ್ಲೇ. ಸಾಮಾನ್ಯ ಮುಟ್ಟಿನ ನೋವು ಸ್ರಾವದ ಜೊತೆಗೇ ಶುರುವಾಗುತ್ತದೆ, ಇಲ್ಲವೇ ಕೆಲವು ತಾಸು ಮುಂಚೆ. ಕಿಬ್ಬೊಟ್ಟೆಯ ನಡುವೆ ಹಿಂಡಿದಂತಾಗಿ ಟೊಂಕಕ್ಕೂ ತೊಡೆಗೂ ಇಳಿಯುತ್ತದೆ. ಮೊದಲ ದಿನ ಜೋರು, ಎರಡು ಮೂರು ದಿನದೊಳಗೆ ಮುಗಿಯುತ್ತದೆ. ಗುಳಿಗೆ ನುಂಗಿ ಬಿಸಿನೀರಿನ ಚೀಲ ಇಟ್ಟುಕೊಂಡರೆ ಬಹಳ ಮಂದಿ ಎದ್ದು ಓಡಾಡುತ್ತಾರೆ. ಎಂಡೊಮೆಟ್ರಿಯೋಸಿಸ್‌ನ ನೋವು ಹಲವರಲ್ಲಿ ಒಂದೆರಡು ದಿನ ಮುಂಚೆಯೇ ಬರುತ್ತದೆ, ಸ್ರಾವ ನಿಂತ ಮೇಲೂ ಉಳಿಯುತ್ತದೆ. ಒಂದು ಮಗ್ಗುಲಿಗೆ, ಇಲ್ಲವೇ ಬೆನ್ನಿನ ಬುಡದಲ್ಲಿ ಆಳವಾಗಿ ಕೂರುತ್ತದೆ. ಮುಟ್ಟಿನ ದಿನಗಳಲ್ಲಿ ಸಂಡಾಸಕ್ಕೆ ಕೂತಾಗ ಒಳಗೆ ಚೂರಿ ತಿರುವಿದ ಹಾಗೆ ಆಗುವುದು, ಮೂತ್ರಕ್ಕೆ ಹೋದಾಗ ನೋಯುವುದು, ಗಂಡ ಹೆಂಡತಿ ಕೂಡಿದಾಗ ಆಳದಲ್ಲಿ ನೋಯುವುದು ಇದರ ಗುರುತುಗಳು. ಇವುಗಳನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಹೇಳಲು ಬಾಯಿಯೂ ಬರುವುದಿಲ್ಲ. ನನ್ನ ತಂಗಿಯ ಮಗಳು ಸಂಡಾಸದ ನೋವನ್ನು ತನ್ನ ತಾಯಿಗೂ ಹೇಳಿರಲಿಲ್ಲ. ಅದು ಬೇರೆ ರೋಗ ಎಂದುಕೊಂಡಿದ್ದಳು.

ಇನ್ನೂ ಒಂದು ತೊಡಕಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ವರ್ಷಗಟ್ಟಲೆ ನೋವುಂಡ ನರಗಳು ಸಣ್ಣದಕ್ಕೂ ಕೂಗಲು ಕಲಿಯುತ್ತವೆ. ತಿಂಗಳಿಗೆ ಐದು ದಿನ ಇದ್ದದ್ದು ಹತ್ತಾಗುತ್ತದೆ, ಹದಿನೈದಾಗುತ್ತದೆ, ಕೊನೆಗೆ ದಿನಾ ಅನ್ನುವಂತಾಗುತ್ತದೆ. ಆ ಹೊತ್ತಿಗೆ ವೈದ್ಯರು "ಮುಟ್ಟಿನ ಹೊತ್ತಿಗೇ ನೋವು ಬರ್ತದೇನು?" ಎಂದು ಕೇಳಿದರೆ ಹುಡುಗಿ ಪ್ರಾಮಾಣಿಕವಾಗಿ "ಇಲ್ರೀ, ದಿನಾ ಇರ್ತದ" ಎನ್ನುತ್ತಾಳೆ. ಸುಳಿವು ಅಲ್ಲಿಗೆ ಕಳೆದುಹೋಗುತ್ತದೆ. ನೋವಿನ ನಮೂನೆ ಸ್ಪಷ್ಟವಾಗಿ ಕಾಣುವುದು ಹದಿನೈದು ಹದಿನಾರನೇ ವಯಸ್ಸಿನಲ್ಲಿ. ಆಗ ಮನೆಯವರು "ಎಲ್ಲಾರಿಗೂ ಆಗ್ತದ, ತಡ್ಕೋ" ಅಂದಿರುತ್ತಾರೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ನಮೂನೆ ಅಳಿಸಿರುತ್ತದೆ. ಅದಕ್ಕೇ ಕೇಳಬೇಕಾದದ್ದು ಈಗ ಹೇಗಿದೆ ಎಂದಲ್ಲ, ಶುರುವಾದ ಮೊದಲ ಎರಡು ವರ್ಷ ಹೇಗಿತ್ತು ಎಂದು.

ಅವಳ ವಿಷಯದಲ್ಲಿ ಅದನ್ನು ಕಂಡುಹಿಡಿಯಲು ದಾರಿ ಸಿಕ್ಕಿತು. ತಂಗಿಯ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆ ಸಣ್ಣ ಕೆಂಪು ಚುಕ್ಕಿಗಳಿರುತ್ತವೆ. ಮಗಳು ಹೊರಗಾದ ದಿನಗಳು, ಪೂಜೆಯ ಮಡಿಗೆಂದು ಗುರುತು ಹಾಕಿದ್ದು. ಆ ಪದ್ಧತಿ ನನಗೆ ಎಂದೂ ಇಷ್ಟವಾದದ್ದಲ್ಲ. ಆದರೆ ಹಾಲಿನ ಲೆಕ್ಕಕ್ಕೆಂದು ಹಳೆಯ ಕ್ಯಾಲೆಂಡರುಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದಳು. ಫೈಲಿನ ಚೀಟಿಗಳ ತಾರೀಖನ್ನು ಚುಕ್ಕಿಗಳ ಪಕ್ಕ ಇಟ್ಟು ನೋಡುತ್ತ ಹೋದೆವು. ಗ್ಯಾಸ್ಟ್ರಿಕ್ ಎಂದು ರಾತ್ರಿ ಇಂಜೆಕ್ಷನ್ ಹಾಕಿಸಿದ ಆರು ಸಲದಲ್ಲಿ ಐದು ಸಲ ಮರುದಿನ ಇಲ್ಲವೇ ಅದರ ಮರುದಿನ ಚುಕ್ಕಿ. ಅಪೆಂಡಿಕ್ಸ್ ಆಪರೇಶನ್ ಆದ ತಾರೀಖಿನ ಮರುದಿನ ಚುಕ್ಕಿ. "ಹೌದಲ್ಲ ಅಕ್ಕಾ, ಆಸ್ಪತ್ರ್ಯಾಗ ಹೊರಗಾದ್ಲು, ಪ್ಯಾಡ್ ತರಾಕ ನಾನ ಓಡಿದ್ದೆ" ಎಂದು ತಂಗಿ ಹಣೆಗೆ ಕೈ ಹಚ್ಚಿದಳು. ತೆಗೆದ ಅಪೆಂಡಿಕ್ಸಿನ ಲ್ಯಾಬ್ ರಿಪೋರ್ಟ್ ಅದೇ ಫೈಲಿನಲ್ಲಿತ್ತು. ಊತ ಇಲ್ಲ ಎಂದು ಬರೆದಿತ್ತು. ಎಂಟು ವರ್ಷದಿಂದ ಅದನ್ನು ಯಾರೂ ಓದಿರಲಿಲ್ಲ.

ಈಗ ಏಳು ಸ್ಕ್ಯಾನುಗಳ ಮಾತು. ಅವು ಸುಳ್ಳು ಹೇಳಲಿಲ್ಲ, ನೋಡಬೇಕಾದಲ್ಲಿ ನೋಡಲಿಲ್ಲ. ಮದುವೆಯಾಗದ ಹುಡುಗಿಗೆ ನಮ್ಮ ಕಡೆ ಮಾಡುವುದು ಹೊಟ್ಟೆಯ ಮೇಲಿನ ಸ್ಕ್ಯಾನ್ ಮಾತ್ರ. ಚರ್ಮ, ಕೊಬ್ಬು, ತುಂಬಿದ ಮೂತ್ರಕೋಶ ದಾಟಿ ಗರ್ಭಕೋಶದ ಹಿಂಭಾಗಕ್ಕೆ ತಲುಪುವ ಹೊತ್ತಿಗೆ ಚಿತ್ರ ಮಸುಕಾಗಿರುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ, ಅಂದರೆ ಚಾಕೊಲೇಟ್ ಸಿಸ್ಟ್ ಇದ್ದರೆ ಕಂಡೀತು. ಆದರೆ ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ಸಂದಿಯಲ್ಲಿ ಅಂಟಿಕೊಂಡದ್ದನ್ನು ಕಾಣಬೇಕಾದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕು. ಅದರಲ್ಲೂ ಸುಮ್ಮನೆ ಫೋಟೋ ಹಿಡಿದರೆ ಸಾಲದು. ನಾವು ಮೆಲ್ಲಗೆ ಒತ್ತಿ, ಕರುಳು ಗರ್ಭಕೋಶದ ಮೇಲೆ ಜಾರುತ್ತದೋ ಇಲ್ಲವೋ ನೋಡುತ್ತೇವೆ. ಎಣ್ಣೆ ಸವರಿದ ಎರಡು ಹಪ್ಪಳದ ಹಾಗೆ ಜಾರಬೇಕು, ಜಾರದಿದ್ದರೆ ಅಲ್ಲಿ ಅಂಟು ಇದೆ. ಎಲ್ಲಿ ಒತ್ತಿದಾಗ ಅವಳ ನೋವು ಅದೇ ನೋವಾಗಿ ಬರುತ್ತದೆ ಎಂದೂ ಕೇಳುತ್ತೇವೆ. ಇದಕ್ಕೆ ಅರ್ಧ ತಾಸು ಬೇಕು. ಸಾಲಾಗಿ ಮಂದಿ ಕೂತಿರುವ ಸೆಂಟರಿನಲ್ಲಿ ಐದು ನಿಮಿಷಕ್ಕೆ ಆಗುವ ಕೆಲಸವಲ್ಲ.

ಇಂಗ್ಲೆಂಡಿನಲ್ಲೂ ಒಲ್ಲೆ ಎಂದವರಿಗೆ ಒಳಗಿನ ಸ್ಕ್ಯಾನ್ ಮಾಡುವುದಿಲ್ಲ. ಆದರೆ ಕೇಳುವುದು ಅವಳನ್ನೇ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಇಲ್ಲಿ ಹೆಸರಿನ ಹಿಂದಿನ 'ಕುಮಾರಿ' ನೋಡಿಯೇ ತೀರ್ಮಾನವಾಗುತ್ತದೆ. ಅದು ಬೇಡವಾದರೆ ಬೇಡ, ತಕರಾರಿಲ್ಲ, ಎಂಆರ್‌ಐ ಎಂಬ ದಾರಿ ಇದೆ. ನನ್ನ ತಕರಾರು ಇಷ್ಟೇ: ಹೊಟ್ಟೆಯ ಮೇಲಿನ ಸ್ಕ್ಯಾನ್ ಮಾಡಿ 'ನಾರ್ಮಲ್' ಎಂದು ಬರೆಯುವಾಗ ಇದರಲ್ಲಿ ಎಂಡೊಮೆಟ್ರಿಯೋಸಿಸ್ ಕಾಣದೆ ಹೋಗಬಹುದು ಎಂಬ ಒಂದು ಸಾಲು ಯಾಕೆ ಬರೆಯುವುದಿಲ್ಲ? ಸ್ಕ್ಯಾನ್ ನಾರ್ಮಲ್ ಬಂದರೂ ರೋಗ ಇಲ್ಲ ಎನ್ನಬೇಡಿ ಎಂದು ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ದಾರಿ ಬರೆದುಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ 2017ರಿಂದಲೇ ಹೇಳುತ್ತಿದೆ. ಅಲ್ಲೂ ಎಲ್ಲರೂ ಪಾಲಿಸುವುದಿಲ್ಲ. ಆದರೆ ಬರವಣಿಗೆಯಲ್ಲಿ ಇದೆ, ತೋರಿಸಿ ಕೇಳಬಹುದು.

ನೋವಿನ ಜೋರು ನೋಡಿ ರೋಗದ ಗಾತ್ರ ಅಳೆಯಲೂ ಬರುವುದಿಲ್ಲ. ಕಿತ್ತಳೆಯಷ್ಟು ಸಿಸ್ಟ್ ಇದ್ದು ನೋವೇ ಇಲ್ಲದವರನ್ನು ನಾನು ನೋಡಿದ್ದೇನೆ. ಅಕ್ಕಿಕಾಳಿನಷ್ಟು ಚುಕ್ಕೆಗಳಿದ್ದು ನೆಲಕ್ಕೆ ಬಿದ್ದು ಹೊರಳಿದವರನ್ನೂ ನೋಡಿದ್ದೇನೆ. ಅಂಥ ಚುಕ್ಕೆಗಳು ಒಳಗಿನ ಸ್ಕ್ಯಾನಿನಲ್ಲೂ ಎಂಆರ್‌ಐನಲ್ಲೂ ತಪ್ಪಿಸಿಕೊಳ್ಳುತ್ತವೆ. ಖಚಿತ ಮಾಡುವ ರಕ್ತಪರೀಕ್ಷೆಯೂ ಇಲ್ಲ. ಮೊದಲಾದರೆ ಹೊಟ್ಟೆಯೊಳಗೆ ದುರ್ಬೀನು ಇಳಿಸಿ ಕಣ್ಣಾರೆ ಕಂಡ ಮೇಲೆಯೇ ಹೆಸರು ಹೇಳುತ್ತಿದ್ದರು, ವರ್ಷಗಳು ಹೋಗಲು ಅದೂ ಒಂದು ಕಾರಣ. ಯುರೋಪಿನ ತಜ್ಞರ ಸಂಘ 2022ರಲ್ಲಿ ಆ ನಿಲುವು ಬದಲಿಸಿತು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಲಕ್ಷಣ ಹೊಂದುತ್ತಿದ್ದರೆ ಔಷಧಿ ಶುರು ಮಾಡಬಹುದು, ದುರ್ಬೀನು ಎಲ್ಲರಿಗೂ ಬೇಕಿಲ್ಲ ಎಂದಿತು.

ನಾವು ಮೂರು ತಿಂಗಳ ಲೆಕ್ಕ ಬರೆದೆವು. ಸ್ರಾವಕ್ಕೆ ಕೆಂಪು ಚುಕ್ಕಿ, ನೋವಿಗೆ ನೀಲಿ, ಸಂಡಾಸದ ನೋವಿಗೆ ಕಪ್ಪು. ಮೊದಲ ತಿಂಗಳು ಕೆಂಪು ಐದು ದಿನ. ನೀಲಿ ಮೂರು ದಿನ ಮುಂಚೆ ಶುರುವಾಗಿ ಎರಡು ದಿನ ಆಮೇಲೆ ಮುಗಿಯಿತು, ತಿಂಗಳ ನಡುವೆ ಮತ್ತೆರಡು, ಒಟ್ಟು 12. ಕಪ್ಪು ಮಾತ್ರ ಕೆಂಪಿನ ಮೊದಲ ಮೂರು ದಿನ. ಉಳಿದೆರಡು ತಿಂಗಳಲ್ಲಿ ನೀಲಿ ಹೆಚ್ಚುಕಡಿಮೆಯಾಯಿತು, ಕಪ್ಪು ಕದಲಲಿಲ್ಲ. ಅದನ್ನು ಹಿಡಿದು ತಂಗಿ ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮನ ಬಳಿ ಹೋದಳು. ಅವರು ಹಾಳೆ ನೋಡಿ ಎಂಆರ್‌ಐಗೆ ಬರೆದರು. ಚೀಟಿಯಲ್ಲಿ 'ಹೊಟ್ಟೆನೋವು' ಎಂದಷ್ಟೇ ಇತ್ತು. ನಾನು ಫೋನಿನಲ್ಲಿ ವಿನಂತಿಸಿದೆ, ಅವರು ಬೇಸರ ಮಾಡಿಕೊಳ್ಳದೆ 'ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ನೋವು, ಗರ್ಭಕೋಶದ ಹಿಂಭಾಗ ನೋಡಿ' ಎಂದು ತಿದ್ದಿಕೊಟ್ಟರು. ಚಿತ್ರ ಓದುವವರ ಕಣ್ಣು ಚೀಟಿ ಹೇಳಿದ ಕಡೆಗೇ ಹೋಗುತ್ತದೆ, ನಾನೂ ಹಾಗೆಯೇ. ರಿಪೋರ್ಟ್ ಬಂತು: ಗರ್ಭಕೋಶವನ್ನು ಹಿಂದಕ್ಕೆ ಕಟ್ಟಿಹಿಡಿಯುವ ಎಡಗಡೆಯ ನಾರು ದಪ್ಪವಾಗಿದೆ, ಗುದನಾಳ ಅದರತ್ತ ಎಳೆದುಕೊಂಡಿದೆ.

ಈಗ ದಿನಕ್ಕೆ 2 ಮಿಲಿಗ್ರಾಂ ಡೈನೋಜೆಸ್ಟ್ ಎಂಬ ಹಾರ್ಮೋನ್ ಗುಳಿಗೆ ನಡೆದಿದೆ. ಮೊದಲ ಮೂರು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿಕೊಂಡು ಹೆದರಿದ್ದಳು. ಆಮೇಲೆ ಮುಟ್ಟು ನಿಂತು ನೋವು ಅರ್ಧಕ್ಕಿಂತ ಕೆಳಗೆ ಇಳಿದಿದೆ. ರೋಗ ಹೋಗಿಲ್ಲ, ಗುಳಿಗೆ ಬಿಟ್ಟರೆ ಮರಳಬಹುದು, ಆಪರೇಶನ್ ಬೇಕೋ ಬೇಡವೋ ಮುಂದಿನ ಮಾತು. ಓಣಿಯ ಹಿರಿಯರು "ಮದವಿ ಮಾಡ್ರಿ, ಒಂದು ಕೂಸಾದ್ರ ಎಲ್ಲಾ ಸರಿ ಹೋಗ್ತದ" ಎನ್ನುವುದು ನಿಂತಿಲ್ಲ. ಬಸಿರು ಇದಕ್ಕೆ ಔಷಧಿಯಲ್ಲ, ಔಷಧಿಯೆಂದು ಬಸಿರಾಗಲು ಹೇಳಬಾರದು ಎಂದು ಅದೇ 2022ರ ಮಾರ್ಗಸೂಚಿಯಲ್ಲಿದೆ. ಇದನ್ನು ತಂಗಿಗೆ ಮೂರು ಸಲ ಓದಿ ಹೇಳಿದ್ದೇನೆ. ಈಗ ಓಣಿಯವರಿಗೆ ಅವಳೇ ಹೇಳುತ್ತಾಳೆ.

ತಂಗಿಯ ಚಿಕ್ಕ ಮಗಳಿಗೆ 14. ಅವಳಿಗೂ ಮುಟ್ಟಿನ ನೋವಿದೆ. ಸ್ರಾವದ ಜೊತೆ ಬರುತ್ತದೆ, ಒಂದು ಗುಳಿಗೆಗೆ ಇಳಿಯುತ್ತದೆ, ಎರಡನೇ ದಿನ ಸೈಕಲ್ ಹತ್ತಿ ಶಾಲೆಗೆ ಹೋಗುತ್ತಾಳೆ. ತಂಗಿ ಕಳೆದ ವಾರ ಕ್ಯಾಲೆಂಡರಿನ ಫೋಟೋ ಕಳಿಸಿದ್ದಳು. ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಂಪು ನಾಲ್ಕು, ನೀಲಿ ಒಂದು, ಕಪ್ಪು ಇಲ್ಲ.