ಭಾವನ ಹೊಸ ಕಾರು ಮತ್ತು ಸಂಪಾಜೆ ಘಾಟಿ

ನಮ್ಮ ಭಾವನಿಗೆ ಸುಳ್ಯಕ್ಕೆ ವರ್ಗವಾಗಿದೆ. ಮಡಿಕೇರಿಯ ಮನೆ ಬಿಡುವ ಮನಸ್ಸಿಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಸಂಪಾಜೆ ಘಾಟಿ ಇಳಿಯಬೇಕು, ಸಂಜೆ ಹತ್ತಬೇಕು. ಹೊಸ ಕಾರಿನ ಯೋಚನೆ ಶುರುವಾಗಿ ಒಂದು ತಿಂಗಳಾಯಿತು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಯಾವುದಕ್ಕೆ ಟಾರ್ಕ್ ಜಾಸ್ತಿ?” ಇಳಿಯುವ ವಿಷಯವನ್ನು ಅವರು ಕೇಳಲೇ ಇಲ್ಲ.

ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಮುಖ್ಯವೇ. ಆದರೆ ಕಾಗದದ ಮೇಲಿನ ಗರಿಷ್ಠ ಅಂಕಿಗಿಂತ ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂಬುದನ್ನು ನೋಡಬೇಕು. ಸಾಮಾನ್ಯ 1.2 ಲೀಟರ್ ಪೆಟ್ರೋಲ್ ಎಂಜಿನ್ ಸುಮಾರು 110 ನ್ಯೂಟನ್ ಮೀಟರ್ ಕೊಡುತ್ತದೆ, ಅದೂ 4000 ದಾಟಿದ ಮೇಲೆ. ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ ಒಂದು ಲೀಟರಿನ ಟರ್ಬೊ ಎಂಜಿನ್ 2000ದ ಹತ್ತಿರವೇ ಅದನ್ನು ಮೀರಿಸುತ್ತದೆ. ಎತ್ತರದ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ಸಾವಿರ ಮೀಟರಿಗೆ ಹತ್ತರಲ್ಲಿ ಒಂದು ಪಾಲು ಕುಗ್ಗುವುದೂ ನಿಜ. ಟರ್ಬೊಗೂ ಒಂದು ಕೊರತೆಯಿದೆ. ಕಡಿದಾದ ತಿರುವಿನಲ್ಲಿ ಎರಡನೇ ಗೇರಿನಲ್ಲಿ ವೇಗ ಇಪ್ಪತ್ತಕ್ಕೆ ಇಳಿದಾಗ ಎಂಜಿನ್ 1500ರ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ, ಆಗ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಒಂದನೇ ಗೇರ್ ಹುಡುಕಬೇಕಾಗುತ್ತದೆ.

ಈಗ ಇಳಿಜಾರಿಗೆ ಬರೋಣ. ಮಡಿಕೇರಿಯಿಂದ ಸಂಪಾಜೆಗೆ ಬರುವಷ್ಟರಲ್ಲಿ ಸುಮಾರು 900 ಮೀಟರ್ ಕೆಳಗಿಳಿದಿರುತ್ತೇವೆ. ನಾಲ್ವರು ಕುಳಿತ ಕಾರಿನ ತೂಕ 1300 ಕಿಲೋ ಎಂದಿಟ್ಟುಕೊಳ್ಳಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಮೂವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಅರ್ಧದಷ್ಟನ್ನು ಟಯರು ಮತ್ತು ಗಾಳಿ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತಡೆಯದಿದ್ದರೆ ಎಲ್ಲವೂ ಬ್ರೇಕಿಗೆ ಹೋಗುತ್ತದೆ. ಟರ್ಬೊ ಇಲ್ಲಿ ನೆರವಿಗೆ ಬರುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಎಷ್ಟು ಹಿಡಿದು ನಿಲ್ಲಿಸುತ್ತದೆ ಎಂಬುದು ಬಹುಪಾಲು ಅದರ ಗಾತ್ರ ಮತ್ತು ಗೇರಿನ ಮೇಲೆ ನಿಂತಿದೆ. ಒಂದು ಲೀಟರಿನ ಪುಟ್ಟ ಎಂಜಿನ್ ಹತ್ತುವಾಗ ಹುಲಿಯಾದರೂ ಇಳಿಯುವಾಗ ಪುಟ್ಟ ಎಂಜಿನ್ನೇ.

ಇದು ನನಗೆ ಅರ್ಥವಾದದ್ದು ಹೆದರಿಕೊಂಡು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರಿನಲ್ಲಿ ಮನೆಯವರೆಲ್ಲ ಹೊರಟಿದ್ದೆವು. ಮೂರನೇ ಗೇರಿನಲ್ಲೇ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಮದೆನಾಡು ದಾಟಿದೆ. ಜೋಡುಪಾಲದ ಹತ್ತಿರ ಪೆಡಲ್ ಮೆತ್ತಗಾಗಿ ತಳದವರೆಗೆ ಹೋಯಿತು. ಎರಡನೇ ಗೇರಿಗೆ, ಆಮೇಲೆ ಒಂದನೇ ಗೇರಿಗೆ ಇಳಿಸಿ, ಪೆಡಲನ್ನು ಮತ್ತೆ ಮತ್ತೆ ಒತ್ತಿ ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನಂತೆಯೇ ಗಟ್ಟಿ! ಇದೇ ಮೋಸ. ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗಿತ್ತು, ತಣ್ಣಗಾದಾಗ ಮತ್ತೆ ದ್ರವವಾಯಿತು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದೆ ಸುಟ್ಟ ವಾಸನೆ ಬಂದರೆ ಅದು ಬೇರೆ ಕಾಯಿಲೆ, ಪ್ಯಾಡುಗಳು ಮಿತಿಮೀರಿ ಬಿಸಿಯಾಗಿರುತ್ತವೆ.

ಆ ಎಣ್ಣೆಯನ್ನು ನಾನು ಆರು ವರ್ಷ ಬದಲಿಸಿರಲಿಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಗಾಲವಂತೂ ಗೊತ್ತೇ ಇದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದ ಹಳೆಯದಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155 ಮಾತ್ರ. ಹೊಸ ಕಾರಾದರೂ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು, ಮೇಲಿಂದ ತುಂಬಿಸಿದರೆ ಸಾಲದು.

ಕೂಲಿಂಗ್ ಬಗ್ಗೆ ಭಾವನಿಗಿದ್ದ ಭಯ ಸ್ವಲ್ಪ ಹಳೆಯ ಕಾಲದ್ದು. ಈಗಿನ ಕಾರು ಆರೋಗ್ಯವಾಗಿದ್ದರೆ ಘಾಟಿಯಲ್ಲಿ ಕುದಿಯುವುದಿಲ್ಲ. ಲಾರಿಯ ಹಿಂದೆ ನಿಧಾನವಾಗಿ ಹತ್ತುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗದು, ಕೆಲಸವೆಲ್ಲ ಫ್ಯಾನಿನದೇ. ಅದು ತಿರುಗುತ್ತದೆಯೇ ಎಂದು ಕೇಳಿಸಿಕೊಳ್ಳಿ. ಕೂಲೆಂಟ್ ಕಡಿಮೆಯಾದರೆ ನಲ್ಲಿ ನೀರು ಸುರಿಯಬೇಡಿ. ಬಿಸಿಯಿದ್ದಾಗ ಮುಚ್ಚಳವನ್ನಂತೂ ತೆರೆಯಲೇಬೇಡಿ.

ಪರೀಕ್ಷೆಗೆ ಕುಶಾಲನಗರದ ಸಮತಟ್ಟು ರಸ್ತೆ ಸಾಲದು. ನಾಲ್ವರನ್ನು ಕೂರಿಸಿಕೊಂಡು ಮದೆನಾಡಿನ ಕಡೆಗೆ ಇಳಿಯಿರಿ. ಎರಡನೇ ಗೇರಿನಲ್ಲಿ ಕಾಲು ತೆಗೆದಾಗ ವೇಗ ಮೂವತ್ತು ಮೂವತ್ತೈದರಲ್ಲಿ ನಿಲ್ಲಬೇಕು, ಏರುತ್ತಲೇ ಹೋಗಬಾರದು. ಆಟೊಮ್ಯಾಟಿಕ್ ಆದರೆ ಕೆಳಗಿನ ಗೇರನ್ನು ಕೈಯಾರೆ ಹಿಡಿದಿಡಲು ಬರುತ್ತದೆಯೇ ನೋಡಿ. ಹಿಂದೆ ಡ್ರಮ್ ಬ್ರೇಕ್ ಇದೆ ಎಂದು ನಾನು ಕಾರನ್ನು ಬಿಡುವುದಿಲ್ಲ, ಇಳಿಯುವಾಗ ಹೆಚ್ಚಿನ ಭಾರ ಮುಂದಿನ ಡಿಸ್ಕುಗಳದ್ದೇ. ಅವು ಗಾಳಿಯಾಡುವ ಬಗೆಯವಾಗಿದ್ದರೆ ಸರಿ.

ಭಾವ ಈಗ ಟರ್ಬೊ ಬಿಟ್ಟು 1.5 ಲೀಟರಿನ ಸಾದಾ ಪೆಟ್ರೋಲ್, ಮ್ಯಾನುವಲ್ ಗೇರಿನ ಕಡೆ ವಾಲಿದ್ದಾರೆ. ಹತ್ತುವಾಗ ಗೇರ್ ಹೆಚ್ಚು ಬದಲಿಸಬೇಕು, ಪೆಟ್ರೋಲೂ ತುಸು ಹೆಚ್ಚು ಕುಡಿಯುತ್ತದೆ. ಷೋರೂಮಿನ ಹುಡುಗ ಘಾಟಿಗೆ ಕಾರು ಕೊಡಲು ಹಿಂದೆಮುಂದೆ ನೋಡಿದನಂತೆ. ಭಾನುವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ, ಹಿಂದಿನ ಸೀಟಿಗೆ ಅಕ್ಕ ಮತ್ತು ಎರಡು ಮೂಟೆ ಕಾಫಿ.