ಮೂರು ಗಂಟೆಯ ಹಾಡು ಬೇರೆ

ಆಗಸ್ಟ್ ಒಂದಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಅಂದಿನಿಂದ ಕಾರವಾರದ ಬೈತಖೋಲ ಬಂದರಿನ ಸುತ್ತ ರಾತ್ರಿ ಎನ್ನುವುದೇ ಇರುವುದಿಲ್ಲ. ದೋಣಿಗಳು ಕಡಲಿಗೆ ಇಳಿಯುವ ಮೊದಲು ಹೊಟ್ಟೆ ತುಂಬ ಮಂಜುಗಡ್ಡೆ ತುಂಬಿಸಿಕೊಳ್ಳಬೇಕು, ಆ ಗಡ್ಡೆ ಕೊಡುವವರು ನಾವು. ಐಸ್ ಪ್ಲಾಂಟಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರ ಪಾಳಿ ನನ್ನದು. ರಾತ್ರಿ ಪಾಳಿಯಲ್ಲಿ ಎಂಥ ಹಾಡು ಹಾಕಬೇಕು ಎಂಬುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಇವತ್ತು ಅದನ್ನು ಪೂರ್ತಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ಕಡೆ ಹಾಕುವ ಹಾಡು ಕೆಲಸಗಾರನನ್ನು ಎಚ್ಚರವಿಡುವುದಕ್ಕಿಂತ ಹೆಚ್ಚಾಗಿ ಅವನ ನರಗಳನ್ನು ಕೆಡಿಸುತ್ತದೆ.

ಕೆಲಸ ಹೇಗಿರುತ್ತದೆ ಎಂದು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ಇರುತ್ತದೆ. ಅದು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿದ್ದರೂ ಉಪ್ಪಿನಿಂದಾಗಿ ಗಟ್ಟಿಯಾಗುವುದಿಲ್ಲ. ಅದರೊಳಗೆ ಸಾಲುಸಾಲಾಗಿ ಇಳಿಬಿಟ್ಟ ಕ್ಯಾನುಗಳಲ್ಲಿರುವ ಸಿಹಿನೀರು ಮಾತ್ರ ಗಡ್ಡೆಯಾಗುತ್ತದೆ. ಒಂದು ಸಾಲನ್ನು ಕ್ರೇನಿನಿಂದ ಎತ್ತಿ, ಸಾದಾ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಗಡ್ಡೆ ಕ್ಯಾನಿನ ಗೋಡೆಯಿಂದ ಸಡಿಲವಾದ ಮೇಲೆ ಬಗ್ಗಿಸಿದರೆ ಅದು ಜಾರಿ ಇಳಿಜಾರಿನ ಮೇಲೆ ಬರುತ್ತದೆ. ಕೊಕ್ಕೆ ಹಿಡಿದವನು ಅದನ್ನು ಎಳೆದು ಕ್ರಷರಿಗೆ ತಳ್ಳುತ್ತಾನೆ. ಒದ್ದೆ ನೆಲ, ಜಾರುವ ಗಡ್ಡೆ, ಎರಡು ಗಡ್ಡೆಗಳ ನಡುವೆ ಬೆರಳು. ಇಲ್ಲಿ ತೂಕಡಿಸಿದರೂ ಪೆಟ್ಟು, ಅವಸರ ಮಾಡಿದರೂ ಪೆಟ್ಟು. ಹಾಡಿನ ಪ್ರಶ್ನೆ ಇರುವುದು ಈ ಎರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿ.

ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಯಾವ ಹಾಡಾದರೂ ನಡೆಯುತ್ತದೆ. ದೇಹ ಇನ್ನೂ ಚುರುಕಾಗಿರುತ್ತದೆ, ಮಾತೂ ಇರುತ್ತದೆ. ತೊಡಕು ಬರುವುದು ಎರಡೂವರೆಯ ನಂತರ. ಮೂರರಿಂದ ಐದರ ನಡುವೆ ಮನುಷ್ಯನ ಮೈಬಿಸಿ ಇಡೀ ದಿನದಲ್ಲೇ ಅತ್ಯಂತ ಕೆಳಗೆ ಇಳಿಯುತ್ತದೆ, ನಿದ್ರೆಯ ಸೆಳೆತ ಅತ್ಯಂತ ಮೇಲಕ್ಕೆ ಏರುತ್ತದೆ. ಎಷ್ಟೇ ರೂಢಿಯಾಗಿದ್ದರೂ ಹೆಚ್ಚಿನವರಿಗೆ ಇದು ತಪ್ಪುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಯಾರಾದರೂ ಮೊಬೈಲನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ, ಎದೆ ಅದುರುವಂಥ ಡಿಜೆ ಹಾಡು ಹಾಕುತ್ತಾರೆ. ಹತ್ತು ನಿಮಿಷ ಎಲ್ಲರೂ ಲವಲವಿಕೆಯಿಂದ ಇರುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದನ್ನು ನಿಂತು ನೋಡಬೇಕು. ಕ್ಯಾನು ನೀರಿನಲ್ಲಿ ಸಾಕಷ್ಟು ಹೊತ್ತು ಇರುವ ಮೊದಲೇ ಎತ್ತುತ್ತಾರೆ. ಗಡ್ಡೆ ಬಿಡುವುದಿಲ್ಲ. ಕ್ಯಾನಿಗೆ ಬಡಿಯುತ್ತಾರೆ. ಬಿಟ್ಟಾಗ ಒಮ್ಮೆಲೇ ರಭಸದಿಂದ ಜಾರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹೀಗೆಯೇ ಒಬ್ಬ ಹುಡುಗನ ಪಾದದ ಮೇಲೆ ಗಡ್ಡೆ ಬಂತು. ಅಂದು ಲೋಡಿಂಗಿನಲ್ಲಿದ್ದ ಹಿರಿಯರೊಬ್ಬರು ಸ್ಪೀಕರ್ ಕಡೆ ಕೈ ತೋರಿಸಿ ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ಮೊದಲು ಅದನ್ನು ಬಂದ್ ಮಾಡು. ಕೈ ಹಾಡಿನ ಹಿಂದೆ ಓಡುತ್ತದೆ, ಕಣ್ಣು ಹಿಂದೆ ಬೀಳುತ್ತದೆ."

ಅವರ ಮಾತು ನೂರಕ್ಕೆ ನೂರು ನಿಜ. ವೇಗದ, ಜೋರಾದ ಹಾಡು ಮೈಯನ್ನು ಉದ್ರೇಕಿಸುತ್ತದೆ, ಆದರೆ ದಣಿದ ಮಿದುಳಿನ ಗಮನವನ್ನು ಅಷ್ಟೇ ಮಟ್ಟಿಗೆ ಏರಿಸುವುದಿಲ್ಲ. ಹಾಡು ನಿಂತಾಗ ಬರುವ ಇಳಿತ ಮೊದಲಿಗಿಂತ ಭಾರವಾಗಿರುತ್ತದೆ. ಆಗ ಇನ್ನೂ ಜೋರಾದ ಹಾಡು, ಇನ್ನೊಂದು ಲೋಟ ಚಹಾ. ನಾಲ್ಕು ಗಂಟೆಗೆ ಕೈ ಸಣ್ಣಗೆ ನಡುಗುತ್ತಿರುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಉದ್ರೇಕ ಮಿತಿ ಮೀರಿದೆ ಎಂದು ನಾನು ಗುರುತು ಹಿಡಿಯುವುದು ಒಂದು ಸಣ್ಣ ಲಕ್ಷಣದಿಂದ: ಹಾಡು ಹಾಕುವವನು ಅರ್ಧ ನಿಮಿಷಕ್ಕೊಮ್ಮೆ ಹಾಡು ಬದಲಿಸತೊಡಗುತ್ತಾನೆ. ಯಾವುದೂ ಹಿಡಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಪೆಟ್ಟಿಗೆಯನ್ನೇ ಆರಿಸಿ, ಎಲ್ಲರಿಗೂ ಹತ್ತು ನಿಮಿಷ ಹೊರಗಿನ ಗಾಳಿ ಕೊಡುವುದು ಮೇಲು.

ಹಾಗಾದರೆ ಯಾವ ಹಾಡು? ನಮ್ಮ ಜಿಲ್ಲೆಯಲ್ಲಿ ಇದನ್ನು ಕೇಳಿದರೆ ಹತ್ತರಲ್ಲಿ ಎಂಟು ಜನ ಯಕ್ಷಗಾನ ಎನ್ನುತ್ತಾರೆ. ಬೆಳತನಕ ಆಟ ನೋಡಿ ಬೆಳೆದ ನೆಲ ಇದು, ರಾತ್ರಿಯಿಡೀ ಜನರನ್ನು ಎಚ್ಚರವಿಡುವುದು ಭಾಗವತರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬುದು ಅವರ ವಾದ. ನಾನೂ ಆಟದ ಹುಚ್ಚಿನವನೇ. ಆದರೂ ಮೂರು ಗಂಟೆಗೆ ಏರುಪದ ಹಾಕುವುದನ್ನು ನಾನು ಒಪ್ಪುವುದಿಲ್ಲ. ಚಂಡೆ ಬಡಿದು ಬೆಚ್ಚಿಬೀಳಿಸುವುದು ಕುಳಿತ ಪ್ರೇಕ್ಷಕನಿಗೆ ಸರಿ. ಅವನು ಬೆಚ್ಚಿದರೆ ಕಂಬಳಿ ಸರಿಸಿಕೊಂಡು ನೆಟ್ಟಗೆ ಕೂರುತ್ತಾನೆ. ಕೊಕ್ಕೆ ಹಿಡಿದವನು ಬೆಚ್ಚಬಾರದು. ಯಕ್ಷಗಾನದಿಂದ ನಾನು ತೆಗೆದುಕೊಂಡದ್ದು ಒಂದೇ, ಅದರ ಏರಿಳಿತ. ಯುದ್ಧದ ಪದ ಮುಗಿದ ಮೇಲೆ ಚಂಡೆ ಸುಮ್ಮನಾಗುತ್ತದೆ, ವೇಷಗಳು ಮಾತಿಗೆ ನಿಲ್ಲುತ್ತವೆ. ಒಂದೇ ಬಗೆಯ ಸದ್ದು ಎಷ್ಟು ಜೋರಿದ್ದರೂ ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನಾವು ಇಪ್ಪತ್ತು ನಿಮಿಷ ಹಾಡು ಹಾಕಿದರೆ ಹತ್ತು ನಿಮಿಷ ಆರಿಸುತ್ತೇವೆ.

ದುಡಿಯುವ ಕೈಗೆ ಬೇಕಾದ ಹಾಡನ್ನು ಹುಡುಕಬೇಕಾದದ್ದು ಇನ್ನೊಂದು ಪರಂಪರೆಯಲ್ಲಿ. ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡಿದ ಪದಗಳಿವೆ. ಅವರಿಗೂ ಅದು ನಿದ್ರೆಯ ಹೊತ್ತೇ. ಆ ಪದದ ವೇಗ ಕಲ್ಲು ತಿರುಗುವ ವೇಗ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಬ್ಬಳು ಎತ್ತಿಕೊಟ್ಟರೆ ಜೊತೆಯವಳು ಸಾಲನ್ನು ಹಿಡಿಯುತ್ತಾಳೆ. ಗದ್ದೆ ನೆಡುವಾಗ ಹಾಡುವ ಹಾಲಕ್ಕಿ ಒಕ್ಕಲಿಗ ಹೆಂಗಸರ ಪದಗಳಲ್ಲೂ, ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರ ಕೂಗಿನಲ್ಲೂ ಇದೇ ಕಟ್ಟು: ಒಬ್ಬರ ದನಿ, ಉಳಿದವರ ಸೊಲ್ಲು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿ ಪದಗಳನ್ನು ನಾಡೆಲ್ಲ ಹೊಗಳಿತು. ಆ ಪದಗಳು ದುಡಿಮೆಯ ನಡುವೆ ಹೇಗೆ ಉಪಯೋಗಕ್ಕೆ ಬರುತ್ತಿದ್ದವು ಎಂಬುದನ್ನು ಮಾತ್ರ ಯಾರೂ ಹೆಚ್ಚು ಹೇಳಲಿಲ್ಲ.

ಬಾಯಿ ತೆರೆಸುವ ಹಾಡು ಕೇಳುವ ಹಾಡಿಗಿಂತ ಬೇರೆ ಕೆಲಸ ಮಾಡುತ್ತದೆ. ಸೊಲ್ಲು ಹೇಳಬೇಕಾದರೆ ತನ್ನ ಸರದಿ ಯಾವಾಗ ಎಂದು ಕಾಯಬೇಕು, ಅಷ್ಟಕ್ಕೇ ಮನಸ್ಸು ಎಚ್ಚರವಾಗಿರುತ್ತದೆ. ಹಾಡುವಾಗ ಉಸಿರನ್ನು ಉದ್ದವಾಗಿ ಬಿಡಬೇಕಾಗುತ್ತದೆ, ಉದ್ದನೆಯ ಉಸಿರು ಎದೆಬಡಿತವನ್ನು ಹದದಲ್ಲಿ ಇಡುತ್ತದೆ. ಎಚ್ಚರವೂ ಬಂತು, ನಡುಕವೂ ಇಲ್ಲ. ನಮ್ಮ ಲೋಡಿಂಗಿನಲ್ಲಿ ಕೊಂಕಣಿ ಮಾತಾಡುವವರಿದ್ದಾರೆ, ಕನ್ನಡದವರಿದ್ದಾರೆ, ಒಡಿಶಾದಿಂದ ಬಂದ ಹುಡುಗರಿದ್ದಾರೆ. ಪದದ ಅರ್ಥ ಎಲ್ಲರಿಗೂ ಆಗಬೇಕೆಂದಿಲ್ಲ. ಎರಡು ಮಾತಿನ ಸೊಲ್ಲು ಯಾವ ಭಾಷೆಯವನ ಬಾಯಿಗೂ ಒಂದೇ ರಾತ್ರಿಯಲ್ಲಿ ಹತ್ತುತ್ತದೆ. ಒಡಿಶಾದ ಹುಡುಗನೊಬ್ಬ ತನ್ನ ಊರಿನ ನಾಟಿ ಪದ ಎತ್ತಿಕೊಟ್ಟು ನಮ್ಮವರೆಲ್ಲ ಹಿಂದೆ ಹೇಳಿದ ರಾತ್ರಿ, ನಾಲ್ಕು ಗಂಟೆ ಆದದ್ದೇ ಗೊತ್ತಾಗಲಿಲ್ಲ.

ಹಾಡಿನ ವೇಗವನ್ನು ಅಳೆಯುವುದು ಸುಲಭ. ಹದಿನೈದು ಸೆಕೆಂಡು ತಾಳ ಹಾಕಿ ಎಣಿಸಿ, ನಾಲ್ಕರಿಂದ ಗುಣಿಸಿ. ಇಪ್ಪತ್ತೈದು ಬಂದರೆ ನಿಮಿಷಕ್ಕೆ 100 ಪೆಟ್ಟು. ನಮ್ಮ ಕೆಲಸಕ್ಕೆ ಮೂರು ಗಂಟೆಗೆ ಹೊಂದುವುದು 95ರಿಂದ 110, ಅಂದರೆ ಕೊಂಚ ಚುರುಕಾದ ನಡಿಗೆಯ ವೇಗ. 130 ದಾಟಿದ್ದನ್ನು ನಾನು ಮಧ್ಯರಾತ್ರಿಯ ನಂತರ ಹಾಕಗೊಡುವುದಿಲ್ಲ. 70ಕ್ಕಿಂತ ಕೆಳಗಿನ ಭಾವಗೀತೆ, ಭಜನೆ ಎಷ್ಟು ಚೆಂದವಿದ್ದರೂ ಆ ಹೊತ್ತಿಗೆ ಜೋಗುಳವೇ. ಪೆಟ್ಟಿಗೆಯಿಂದಲೇ ಹಾಕುವುದಾದರೆ ಎಲ್ಲರಿಗೂ ಬಾಯಿಪಾಠವಿರುವ ಹಳೆಯ ಸಿನಿಮಾ ಯುಗಳಗೀತೆಗಳು ಒಳ್ಳೆಯವು, ಅರ್ಧ ಜನ ಗಂಡಿನ ಸಾಲು, ಅರ್ಧ ಜನ ಹೆಣ್ಣಿನ ಸಾಲು ಹಂಚಿಕೊಳ್ಳುತ್ತಾರೆ. ಸದ್ದಿನ ಮಿತಿಗೆ ಯಂತ್ರ ಬೇಡ. ಒಂದು ತೋಳಿನ ಅಂತರದಲ್ಲಿ ನಿಂತವನಿಗೆ ಕೂಗಿ ಹೇಳಬೇಕಾಗಿ ಬಂದರೆ ಅದು ಕಿವಿಗೆ ಹಾನಿ ಮಾಡುವಷ್ಟು ಜೋರಿದೆ ಎಂದೇ ಅರ್ಥ. ಕ್ರಷರ್ ತಿರುಗುವಾಗ ಅದರ ಸದ್ದಿನ ಮೇಲೆ ಹಾಡು ಕೇಳಿಸಲು ಹೋಗಬಾರದು, ಆಗ ಹಾಡನ್ನು ನಿಲ್ಲಿಸಬೇಕು.

ಯಂತ್ರದ ಕೋಣೆಯ ಮಾತೇ ಬೇರೆ. ಅಲ್ಲಿ ಸ್ಪೀಕರೂ ಇಲ್ಲ, ಇಯರ್‌ಫೋನ್ ಅಂತೂ ಇಲ್ಲವೇ ಇಲ್ಲ. ಅಮೋನಿಯಾ ಕಂಪ್ರೆಸರಿಗೆ ಅನಿಲದ ಬದಲು ದ್ರವ ಬಂದರೆ ಅದು ಬಡಿಯತೊಡಗುತ್ತದೆ. ಮಾಪಕದ ಮುಳ್ಳನ್ನು ಗಂಟೆಗೊಮ್ಮೆ ಬರೆದುಕೊಳ್ಳುತ್ತೇವೆ, ಬಡಿತವನ್ನು ಮಾತ್ರ ಕಿವಿಯೇ ಮೊದಲು ಹಿಡಿಯುವುದು. ಕಿವಿಗೆ ಬಿರಡೆಯಂತೆ ಹಾಡು ತುಂಬಿಕೊಂಡ ಆಪರೇಟರ್ ಆ ಸದ್ದನ್ನು ತಪ್ಪಿಸಿಕೊಳ್ಳುತ್ತಾನೆ. ಆ ಕೋಣೆಯಲ್ಲಿ ನಾನು ಗುನುಗುತ್ತೇನೆ. ಕಂಪ್ರೆಸರಿನ ಏಕದನಿಯನ್ನೇ ಶ್ರುತಿ ಮಾಡಿಕೊಂಡು ಗುನುಗುವುದರಲ್ಲಿ ಒಂದು ಲಾಭವಿದೆ, ದನಿ ಕೊಂಚ ಬದಲಾದರೂ ನನ್ನ ಶ್ರುತಿ ತಪ್ಪಿ ತಕ್ಷಣ ತಿಳಿಯುತ್ತದೆ.

ಗುನುಗುವುದು ನಿಂತದ್ದೇ ಗೊತ್ತಾಗದಿದ್ದರೆ, ಕಣ್ಣು ಒಂದೇ ಕಡೆ ನೆಟ್ಟಿದ್ದರೆ, ಆಗ ಯಾವ ಹಾಡೂ ಉಪಯೋಗವಿಲ್ಲ. ಲೋಡಿಂಗಿನವರಲ್ಲೂ ನಾನು ಇದನ್ನೇ ಗಮನಿಸುತ್ತೇನೆ: ಸೊಲ್ಲು ತಪ್ಪಿಸಿದವನನ್ನು ಎರಡನೆಯ ಸಲ ನೋಡುತ್ತೇನೆ, ಮತ್ತೆ ತಪ್ಪಿಸಿದರೆ ಕೊಕ್ಕೆ ಇಸಿದುಕೊಂಡು ಇಪ್ಪತ್ತು ನಿಮಿಷ ಮಲಗಲು ಕಳುಹಿಸುತ್ತೇನೆ. ಎದ್ದ ಮೇಲೆ ಮುಖ ತೊಳೆದು, ಮಂಪರು ಇಳಿಯುವವರೆಗೆ ಐದು ಹತ್ತು ನಿಮಿಷ ಕಾದು ಕೆಲಸಕ್ಕೆ ಬರಬೇಕು. ಮಾಲೀಕರು ಇದನ್ನು ಸೋಮಾರಿತನ ಎಂದುಕೊಳ್ಳಬಾರದು. ಹಾಡು ತೂಕಡಿಕೆಯನ್ನು ಅರ್ಧ ಗಂಟೆಯ ಮಟ್ಟಿಗೆ ಮುಂದೂಡಿಕೊಡುತ್ತದೆ, ನಿದ್ರೆಯ ಸಾಲವನ್ನು ತೀರಿಸುವುದಿಲ್ಲ.

ಐದೂಕಾಲಿಗೆ ನಾನು ಪೆಟ್ಟಿಗೆ ಪೂರ್ತಿ ಆರಿಸುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ದೇಹ ತಾನಾಗಿ ಎಚ್ಚರಗೊಳ್ಳತೊಡಗುತ್ತದೆ. ಆಗಲೂ ಹಾಡು ಸುರಿದರೆ ಮನೆಗೆ ಹೋಗಿ ಮಲಗಿದಾಗ ಅದೇ ಸೊಲ್ಲು ತಲೆಯಲ್ಲಿ ತಿರುಗುತ್ತಿರುತ್ತದೆ. ಕೊನೆಯ ಚಹಾ ಎರಡು ಗಂಟೆಗೇ ಮುಗಿದಿರಬೇಕು, ಅದರ ಕೆಫೀನಿನ ಸುಮಾರು ಅರ್ಧದಷ್ಟು ಏಳು ಗಂಟೆಗೂ ರಕ್ತದಲ್ಲಿ ಉಳಿದಿರುತ್ತದೆ.

ತದಡಿ, ಹೊನ್ನಾವರ, ಭಟ್ಕಳ ಕಡೆಯ ಬಂದರುಗಳಲ್ಲಿ ಬಲೆ ಎಳೆಯುವಾಗ, ಗಡ್ಡೆ ತುಂಬುವಾಗ ಹೇಳುವ ಸೊಲ್ಲುಗಳು ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದರೆ ದಯವಿಟ್ಟು ದನಿಮುದ್ರಿಸಿ ನನಗೆ ಕಳುಹಿಸಿ. ಎಷ್ಟು ಜನ ಸೇರಿ ಹೇಳುತ್ತಿದ್ದರು, ಯಾವ ಕೆಲಸಕ್ಕೆ ಹೇಳುತ್ತಿದ್ದರು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ಈ ಹಂಗಾಮಿನಲ್ಲಿ ನಮ್ಮ ಪಾಳಿಗೆ ಹೊಸ ಸೊಲ್ಲುಗಳು ಬೇಕಾಗಿವೆ.